ಎರಡನೆಯ ಪ್ಯಾರಾ

ನಮ್ಮ ಪತ್ರಿಕೆಯ ಕಚೇರಿಯಲ್ಲಿ ಮೆಟ್ಟಿಲಿನ ಪಕ್ಕದ ಮೇಜಿಗೆ ಕೂರುತ್ತಿದ್ದ ಹಿರಿಯ ಉಪಸಂಪಾದಕರನ್ನು ಎಲ್ಲರೂ ‘ಅಂದರೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪರದೇಶಗಳಲ್ಲಿರುವ ಕನ್ನಡಿಗರಿಗಾಗಿ ಪತ್ರಿಕೆ ನಡೆಸುತ್ತಿದ್ದ ಅಂತರ್ಜಾಲ ಆವೃತ್ತಿಯನ್ನು ಹದಿನಾಲ್ಕು ವರ್ಷ ಒಬ್ಬರೇ ನೋಡಿಕೊಂಡವರು. ಊರಿನ ಓದುಗರಿಗೆ ಬರೆದ ಸುದ್ದಿ ಅವರ ಮೇಜಿಗೆ ಬರುತ್ತಿತ್ತು. ಹೊರಗಿರುವವರಿಗೆ ಅರ್ಥವಾಗುವಂತೆ ಅದನ್ನು ತಿರುಗಿ ಬರೆಯುವುದು ಅವರ ಕೆಲಸ.

“ಊರು ಬಿಟ್ಟು ಹತ್ತು ವರ್ಷ ಆದವನೊಬ್ಬ ಎದುರಿಗೆ ಕೂತಿದ್ದಾನೆ ಅಂದ್ಕೊಳ್ಳಿ,” ಎಂದು ಅವರು ನನಗೊಮ್ಮೆ ಹೇಳಿದ್ದರು. “ಅವನಿಗೆ ಹಳೇ ಬಸ್‌ಸ್ಟ್ಯಾಂಡ್ ನೆನಪಿದೆ, ಹೊಸದು ಗೊತ್ತಿಲ್ಲ. ದಡ್ಡ ಅಲ್ಲ, ದೂರ ಇದ್ದಾನೆ ಅಷ್ಟೆ.”

ಆ ದೂರದವನಿಗಾಗಿ ಅವರು ‘ಇಂದು’, ‘ನಿನ್ನೆ’ ಎಂಬ ಮಾತುಗಳನ್ನು ತೆಗೆದು ವಾರದ ಹೆಸರು ಹಾಕುತ್ತಿದ್ದರು. ಅಲ್ಲಿ ಬೆಳಗಾಗುವ ಹೊತ್ತೇ ಬೇರೆ. ‘ಗಿರಣಿಯ ಹಿಂದೆ’ ಎಂದಿದ್ದರೆ ರೈಲು ನಿಲ್ದಾಣದಿಂದ ಎಷ್ಟು ದೂರವೆಂದು ಬರೆಯುತ್ತಿದ್ದರು. ಮೊದಲ ಪ್ಯಾರಾದಲ್ಲಿ ನಡೆದದ್ದು, ಎರಡನೆಯದರಲ್ಲಿ ಹಿನ್ನೆಲೆ, ಅದೂ ಎರಡೇ ವಾಕ್ಯ. ಹಿನ್ನೆಲೆಯನ್ನು ನೆನಪಿನಿಂದ ಬರೆಯುವವರಲ್ಲ. ಹಳೆಯ ಸಂಚಿಕೆಗಳ ಕಡತ ತೆರೆದು, ಅಚ್ಚಾದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಬರೆಯುತ್ತಿದ್ದರು.

“ಮೇಷ್ಟ್ರೇ, ಊಟಕ್ಕೆ ಬರ್ತೀರಾ?” ಎಂದು ಕರೆದು, “ಊಟ ಅಂದರೆ, ಮಧ್ಯಾಹ್ನ ಜನ ತಿನ್ನೋದು,” ಎಂದು ವರದಿಗಾರ ಅಣಕಿಸುತ್ತಿದ್ದ.

“ನೀನು ಬರೆದ ವರದಿಗೆ ಅಷ್ಟೂ ಹಿನ್ನೆಲೆ ಇರಲ್ಲವಲ್ಲೋ,” ಎಂದು ಅವರು ತಲೆಯೆತ್ತದೆ ಉತ್ತರಿಸುತ್ತಿದ್ದರು.

ನಾನು ಸಂಜೆ ಶಾಲೆಯಲ್ಲಿ ಕಲಿತು, ನಡುವಯಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದವಳು. ಅವರ ಪಕ್ಕದ ಮೇಜು ನನ್ನದು. ಅವರು ಬರೆದ ಪ್ರತಿಯೊಂದು ವಾಕ್ಯವೂ ನನ್ನ ಕಣ್ಣಿನ ಕೆಳಗೆ ಹಾದುಹೋಗಿದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ನನ್ನ ಪಾಲನ್ನು ಬಿಟ್ಟು ಹೇಳುವ ಹಕ್ಕು ನನಗಿಲ್ಲ.

ಒಂದು ಸೋಮವಾರ ಬೆಳಿಗ್ಗೆ, ಮುಚ್ಚಿಹೋದ ಗಿರಣಿಯ ಕೆಲಸಗಾರರಿಗೆಂದು ಹಿಂದೆ ಕಟ್ಟಿಸಿದ್ದ ಮೂರು ವಸತಿ ಕಟ್ಟಡಗಳಲ್ಲಿ ಮೂರನೆಯದು ಕುಸಿಯಿತು. ಹನ್ನೊಂದು ಗಂಟೆಗೆ ವರದಿ ಬಂತು. ಐದು ಸಾಲು, ಗಾಯಗೊಂಡ ನಾಲ್ವರ ಹೆಸರು, ಅವರನ್ನು ಸೇರಿಸಿದ ಆಸ್ಪತ್ರೆ. ಅವರು ಅಲ್ಲಿ ವಾಸವಿದ್ದವರು ಎಂದು ವರದಿಗಾರ ಬರೆದಿರಲಿಲ್ಲ. ಊರಿಗೆಲ್ಲ ತಿಳಿದದ್ದನ್ನು ಯಾರು ಬರೆಯುತ್ತಾರೆ?

ಮೇಷ್ಟ್ರು ಕಡತ ತೆರೆದರು. ಎರಡು ವರ್ಷದ ಹಿಂದಿನ ಸುದ್ದಿ ಸಿಕ್ಕಿತು. ಅದನ್ನು ನೋಡಿಕೊಂಡು ಎರಡನೆಯ ಪ್ಯಾರಾ ಬರೆದರು: ‘ಈ ಕಟ್ಟಡಗಳು ವಾಸಕ್ಕೆ ಯೋಗ್ಯವಲ್ಲವೆಂದು ಎರಡು ವರ್ಷಗಳ ಹಿಂದೆ ಘೋಷಿಸಲಾಗಿತ್ತು. ಎಲ್ಲ ಕುಟುಂಬಗಳನ್ನೂ ತೆರವುಗೊಳಿಸಿ ಊರಾಚೆಯ ಹೊಸ ಮನೆಗಳಿಗೆ ಸ್ಥಳಾಂತರಿಸಲಾಗಿತ್ತು.’ ಸುದ್ದಿ ಉದ್ದವಾಯಿತೆಂದು ಹೆಸರುಗಳ ಸಾಲನ್ನು ತೆಗೆದರು. ಗಾಯಾಳುಗಳ ಹೆಸರು ಬೇಕಾಗುವುದು ಊರಿನವರಿಗೆ ಎಂಬುದು ಅವರ ಹಳೆಯ ನಿಯಮ.

ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಹೊಸ ಮನೆಗಳಿಗೆ ನೀರು ಬಾರದೆ, ಹೋದವರೆಲ್ಲ ಮೂರೇ ತಿಂಗಳಲ್ಲಿ ಹಳೆಯ ಕಟ್ಟಡಗಳಿಗೆ ಮರಳಿದ್ದರು. ಬಾಗಿಲ ಮೊಹರು ಒಡೆದು ಒಲೆ ಹೊತ್ತಿಸಿದ್ದರು. ಇದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಯಾವ ಸಂಚಿಕೆಯಲ್ಲೂ ಅಚ್ಚಾಗಿರಲಿಲ್ಲ. ಊರ ಇನ್ನೊಂದು ತುದಿಯಲ್ಲಿದ್ದು ಕಚೇರಿಗೂ ಮನೆಗೂ ನಡೆದೇ ಹೋಗುತ್ತಿದ್ದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ಬಸ್ಸು ದಿನವೂ ಆ ಕಟ್ಟಡಗಳ ಮುಂದೆಯೇ ಹಾಯುತ್ತಿತ್ತು. ಮೂರನೆಯದರ ಮಹಡಿಯಲ್ಲಿ ಒಣಗುತ್ತಿದ್ದ ಸೀರೆಗಳನ್ನು ನಾನು ಕಂಡಿದ್ದೆ. ಆ ಬೆಳಿಗ್ಗೆ ನಾನು ನೋಡಿದ್ದು ಕಾಗುಣಿತವನ್ನು ಮಾತ್ರ. ‘ಸರಿಯಿದೆ’ ಎಂದು ಗುರುತು ಹಾಕಿ ಕೊಟ್ಟೆ.

ಶುಕ್ರವಾರ ಮಧ್ಯಾಹ್ನ ಪರದೇಶದಿಂದ ಫೋನು ಬಂತು. ಮೇಷ್ಟ್ರಿಗೆ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಳ್ಳುತ್ತಿದ್ದರು. ಹೆಂಗಸೊಬ್ಬಳ ದನಿ, ತೀರ ಶಾಂತವಾಗಿತ್ತು.

“ಗಿರಣಿ ಕಟ್ಟಡದ ಸುದ್ದೀಲಿ ಎರಡನೇ ಪ್ಯಾರಾ ಬರೆದಿದ್ದು ಯಾರು?”

“ನಾನೇ ಅಮ್ಮ. ಹೇಳಿ.”

“ನಾನು ಇಲ್ಲಿ ನರ್ಸು. ನನ್ನ ತಂಗಿ ಮದುವೆಯಾಗಿ ಸೇರಿದ್ದು ಅದೇ ಕಟ್ಟಡ. ಹೊಸ ಮನೇಲೇ ಇದ್ದೀನಿ ಅಂತ ನನ್ನ ಹತ್ರ ಸುಳ್ಳು ಹೇಳ್ತಿದ್ಲು, ವಾಪಸ್ ಬಂದಿದ್ದು ಗೊತ್ತಾದ್ರೆ ಬೈತೀನಿ ಅಂತ. ಸೋಮವಾರ ಸುದ್ದಿ ನೋಡಿ ಎದೆ ಧಸಕ್ ಅಂತು. ಎಲ್ಲರನ್ನೂ ಖಾಲಿ ಮಾಡಿಸಿದ್ದಾರೆ ಅಂತ ನೀವು ಬರೆದಿದ್ರಿ. ಸದ್ಯ, ದಾರಿಹೋಕರು ಯಾರೋ ಸಿಕ್ಕಿಹಾಕಿಕೊಂಡಿರಬೇಕು ಅಂದ್ಕೊಂಡು ಡ್ಯೂಟಿಗೆ ಹೋದೆ, ಸರ್.”

ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

“ಎರಡು ದಿನ ಆಸ್ಪತ್ರೇಲಿ ಮಾತಾಡ್ತಾನೇ ಇದ್ಲಂತೆ. ‘ನಮ್ಮಕ್ಕನೂ ನರ್ಸೇ, ಇಂಜೆಕ್ಷನ್ ನೋವಾಗದ ಹಾಗೆ ಕೊಡ್ತಾಳೆ’ ಅಂತ ಅಲ್ಲಿಯವರಿಗೆ ಜಂಬ ಕೊಚ್ಚಿಕೊಂಡ್ಲಂತೆ. ನನ್ನ ನಂಬರ್ ಬಾಯಿಪಾಠ ಇರಲಿಲ್ಲ. ಫೋನು ಮಣ್ಣಿನಡಿ ಇತ್ತು. ಗಂಡ ಮಣ್ಣಿನಡೀಲೇ ತೀರಿಕೊಂಡಿದ್ದ, ಸಿಕ್ಕಿದ್ದು ಸಂಜೆಗಂತೆ. ನನಗೆ ಯಾರು ಹೇಳಬೇಕು? ನಿನ್ನೆ ನೆರೆಯವರು ಹೇಗೋ ಹುಡುಕಿ ಹೇಳಿದ್ರು. ಅಷ್ಟರಲ್ಲಿ ಅವಳನ್ನ ಮಣ್ಣು ಮಾಡಿಯಾಗಿತ್ತು.”

“ಅಮ್ಮಾ...”

“ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರೆ ದನಿಯಾದ್ರೂ ಕೇಳಿರ್ತಿದ್ದೆ. ಹೆಸರುಗಳನ್ನಾದ್ರೂ ಉಳಿಸಬಾರದಿತ್ತಾ? ಊರಿನ ಪೇಪರಿನಲ್ಲಿ ಇತ್ತಂತಲ್ಲ.”

ಆಕೆ ಬೈಯಲಿಲ್ಲ, ಅಳಲಿಲ್ಲ. “ಇಡ್ತೀನಿ ಸರ್, ಡ್ಯೂಟಿಗೆ ಹೊತ್ತಾಯ್ತು,” ಎಂದಳು.

ನಾನು ಸೀರೆಗಳ ವಿಷಯ ಹೇಳಿದೆ. ಅವರು ನನ್ನನ್ನು ನೋಡಿದರು. “ಒಂದು ಮಾತು ಹೇಳಬಾರದಿತ್ತಾ ಮೇಡಂ?” ಎಂದರು. ಅಷ್ಟೇ. ಅದಕ್ಕಿಂತ ದೊಡ್ಡ ಮಾತನ್ನು ಬದುಕಿನಲ್ಲಿ ಯಾರೂ ನನಗೆ ಆಡಿಲ್ಲ.

ತಿದ್ದುಪಡಿ ಬರೆದುಕೊಂಡು ಅವರು ಸಂಪಾದಕರ ಕೋಣೆಗೆ ಹೋದರು.

“ತೆರವು ಮಾಡಿಸಿದ್ದು ಸುಳ್ಳಾ?” ಎಂದರು ಸಂಪಾದಕರು.

“ನಿಜ ಸರ್.”

“ಮತ್ತೆ? ತಿದ್ದುಪಡಿ ಹಾಕೋದು ತಪ್ಪಿಗೆ ಕಣ್ರೀ, ನಿಜಕ್ಕಲ್ಲ. ಸುಮ್ಮನೆ ಹುತ್ತಕ್ಕೆ ಕೈ ಹಾಕಬೇಡಿ.”

ಹೊರಬಂದು ವರದಿಗಾರನ ಮುಂದೆ ನಿಂತರು. ಉಳಿದೆರಡು ಕಟ್ಟಡಗಳಲ್ಲಿ ಈಗಲೂ ಜನರಿದ್ದಾರೆ, ಅದನ್ನಾದರೂ ಬರೆ ಎಂದು ಕೇಳಿಕೊಂಡರು. ಅವನು ಅಂದು ಅಣಕಿಸಲಿಲ್ಲ. “ಊರಿಗೆಲ್ಲ ಗೊತ್ತಿರೋದು ಮೇಷ್ಟ್ರೇ. ಅದನ್ನ ಹೊಸ ಸುದ್ದಿ ಅಂತ ಹೇಗೆ ಕೊಡಲಿ?” ಎಂದ.

ಮೇಷ್ಟ್ರು ತಮ್ಮ ಮೇಜಿಗೆ ಬಂದು, ಯಾರನ್ನೂ ಕೇಳದೆ, ಅಂತರ್ಜಾಲದಲ್ಲಿದ್ದ ಸೋಮವಾರದ ಸುದ್ದಿಯ ಎರಡನೆಯ ಪ್ಯಾರಾಕ್ಕೆ ಮೂರನೆಯ ವಾಕ್ಯ ಸೇರಿಸಿದರು: ‘ತೆರವಾದ ಕುಟುಂಬಗಳು ಮೂರು ತಿಂಗಳಲ್ಲೇ ಮರಳಿ, ಕಟ್ಟಡ ಕುಸಿದ ದಿನವೂ ಅಲ್ಲೇ ವಾಸವಾಗಿದ್ದವು.’ ಅದರ ಕೆಳಗೆ ನಾಲ್ಕು ಹೆಸರುಗಳನ್ನೂ ಹಾಕಿದರು. ನಾಲ್ಕರಲ್ಲಿ ಹೆಂಗಸಿನದು ಮೂರನೆಯದೊಂದೇ; ಅದರ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತ್ತು.

ಅದಾದ ಮೇಲೆ ಅವರು ಹಿನ್ನೆಲೆ ಬರೆಯುವುದನ್ನು ಬಿಟ್ಟರು. ಊರಿನ ವರದಿ ಬಂದಂತೆಯೇ ಹೊರದೇಶಕ್ಕೆ ಹೋಯಿತು, ಇಂದು, ನಿನ್ನೆ ಎಲ್ಲ ಹಾಗೇ. ‘ಇದು ಎಲ್ಲಿ? ಯಾರು ಇವರು? ಸ್ವಲ್ಪ ಬಿಡಿಸಿ ಬರೆಯಿರಿ’ ಎಂದು ಓದುಗರ ಪತ್ರಗಳು ಬಂದವು. ಅವರು ಓದಿ ಪಕ್ಕಕ್ಕಿಟ್ಟರು. ಮೂರು ತಿಂಗಳಲ್ಲಿ ಆ ಆವೃತ್ತಿಯನ್ನು ನಿಲ್ಲಿಸಲಾಯಿತು. ಮೇಷ್ಟ್ರು ನಿವೃತ್ತಿಗೆ ಎರಡು ವರ್ಷ ಮೊದಲೇ ಮನೆಗೆ ಹೋದರು.

ಕೊನೆಯ ದಿನ ಮೇಜು ಖಾಲಿ ಮಾಡುವ ಮೊದಲು ಗಿರಣಿಯ ಸುದ್ದಿಯನ್ನು ಇನ್ನೊಮ್ಮೆ ತೆರೆದರು. ಮೂರನೆಯ ವಾಕ್ಯ ಸೇರಿದ ಮೇಲೆ ಅದನ್ನು ಎಷ್ಟು ಜನ ಓದಿದ್ದಾರೆಂಬ ಲೆಕ್ಕ ಪಕ್ಕದಲ್ಲಿತ್ತು. ಒಬ್ಬರು.

“ಆಯಮ್ಮನೇ ಓದಿರಬೇಕು, ಅಲ್ವಾ ಮೇಡಂ?” ಎಂದರು.

ಹೌದೆಂದು ತಲೆಯಾಡಿಸಿದೆ. ಕಾಗುಣಿತ ನೋಡಲೆಂದು ಅದನ್ನು ತೆರೆದವಳು ನಾನು.