ರಬ್ಬರು ಹಚ್ಚಿ ಅಳಿಸಿದ ವಾಕ್ಯ

ಗುರುಮೂರ್ತಿ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದ ದಿನ ಇದ್ದೀತು, ರಬ್ಬರು ಇಲ್ಲದ ದಿನವಿಲ್ಲ. ಬೆಳ್ಳಗಿನ ರಬ್ಬರು, ನಾಲ್ಕೂ ಮೂಲೆ ಸವೆದು ಹುಣಿಸೆಬೀಜದ ಹಾಗೆ ದುಂಡಗಾಗಿರುತ್ತಿತ್ತು. ಕೊಟ್ಟೂರಿನ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಇಂಗ್ಲಿಷ್ ಹೇಳುವ ಅತಿಥಿ ಉಪನ್ಯಾಸಕರು ಅವರು. ಹೆಸರಿಗೆ ಅತಿಥಿ. ಪ್ರತಿ ವರ್ಷ ಜೂನ್ ಬಂದರೆ ಮತ್ತೆ ಅರ್ಜಿ ಹಾಕಿ, ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕು.

ಅವರು ಪಾಠ ಹೇಳುವ ರೀತಿ ಬೇರೆ. ಮಕ್ಕಳು ಮೊದಲು ಪೆನ್ಸಿಲ್ಲಿನಲ್ಲಿ ಬರೆಯಬೇಕು. ಮೇಷ್ಟ್ರು ಎದುರಿಗೆ ಕೂತು ತಪ್ಪಿದ ವಾಕ್ಯವನ್ನು ರಬ್ಬರಿನಿಂದ ಒರೆಸಿ, ಪುಡಿಯನ್ನು ಊದಿ, ಅದೇ ಜಾಗದಲ್ಲಿ ಸರಿಯಾದ ವಾಕ್ಯ ಹೇಳಿಕೊಡುತ್ತಾರೆ. ಆಮೇಲೆ ಅದರ ಮೇಲೆ ನೀಲಿ ಶಾಯಿ. ಪುಟ ಮುಗಿದಾಗ ಒಂದು ತಪ್ಪೂ ಕಾಣಬಾರದು. "ತಪ್ಪು ಕಂಡ್ರ ಪೇಪರ್ ನೋಡೋನು ನಿಮ್ಮ ಊರು ಕೇರಿ ಎಲ್ಲಾ ಹುಡುಕ್ತಾನ. ಕಾಣದಂಗ ಇರ್ರಿ," ಎನ್ನುತ್ತಿದ್ದರು.

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಅಪ್ಪ ಪಕ್ಕೀರಪ್ಪ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಜವಾನ. ಮಗ ಪಿಯುಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಬಿದ್ದ. ಎರಡನೆಯ ಸಲ ಬಿದ್ದಾಗ ತಾಯಿ ಮಾಳಮ್ಮ ಒಲೆಯ ಮುಂದೆ ಕೂತು, "ಆ ಭಾಷಿ ನಮ್ಮನಿ ಹೊಸ್ತಿಲು ದಾಟಂಗಿಲ್ಲ ಬಿಡಪ್ಪ," ಅಂದಿದ್ದಳು. ಆ ಮಾತಿಗೆ ರೋಷ ಬಂದು ಹುಡುಗ ರದ್ದಿ ಅಂಗಡಿಯಿಂದ ಮುಖಪುಟ ಹರಿದ ಗೈಡೊಂದನ್ನು ತಂದು, ಅದರಲ್ಲಿನ ನಲವತ್ತು ವಾಕ್ಯ ಬಾಯಿಪಾಠ ಮಾಡಿದ. ಯಾವ ಪ್ರಶ್ನೆ ಕೇಳಿದರೂ ಆ ನಲವತ್ತರಲ್ಲೇ ಉತ್ತರ ಕಟ್ಟಿದ. ಪಾಸಾದ. ಅಂಚೆ ಮೂಲಕ ಎಂ.ಎ. ಮಾಡಿದ. ಆ ನಲವತ್ತು ವಾಕ್ಯ ಹಿಡಿದೇ ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟು ಮಕ್ಕಳು ಇಂಗ್ಲಿಷಿನ ಕಂಟಕ ದಾಟಿ ಹೋದರೋ ಲೆಕ್ಕವಿಲ್ಲ.

ಅಂಥವರಲ್ಲಿ ಕೀರ್ತನಾ ಒಬ್ಬಳು. ಉಜ್ಜಿನಿ ಕಡೆಯ ಕುರಿಗಾರ ಯರ್ರೆಪ್ಪನ ಮಗಳು. ಕುರಿಯ ಹಿಂದೆ ನಡೆಯುತ್ತಲೇ ಓದಿದವಳು. ದೂರದ ಖಾಸಗಿ ವಿಶ್ವವಿದ್ಯಾಲಯವೊಂದು ಬಡ ಮಕ್ಕಳಿಗೆ ಎರಡು ವರ್ಷ ಊಟ, ವಸತಿ ಕೊಟ್ಟು ಶಿಕ್ಷಕರಾಗಲು ಓದಿಸುತ್ತದೆ ಎಂದು ತಿಳಿದು ಅರ್ಜಿ ಹಾಕಿದಳು. 'ನಾನೇಕೆ ಶಿಕ್ಷಕಿಯಾಗಬೇಕು' ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಕಳಿಸಬೇಕಿತ್ತು. ಸೀಟು ಸಿಕ್ಕರೆ ಓದು. ಸಿಗದಿದ್ದರೆ ಕೊಟ್ಟೂರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸ, ಅಪ್ಪ ಆಗಲೇ ಮಾತಾಡಿಟ್ಟಿದ್ದ.

ಪೆನ್ಸಿಲ್ಲಿನಲ್ಲಿ ಅವಳು ಬರೆದ ಮೊದಲ ವಾಕ್ಯ ಹೀಗಿತ್ತು: 'ಮೈ ಫಾದರ್ ಶೀಪ್ಸ್ ಆರ್ ಗೋಯಿಂಗ್ ಹಡಗಲಿ ಸೈಡ್, ಐ ಆಮ್ ರೀಡಿಂಗ್ ಬ್ಯಾಕ್ ಆಫ್ ದೆಮ್.'

ಮೇಷ್ಟ್ರು ನಕ್ಕರು. "ಏನವ್ವಾ ಇದು, ಕುರಿಗುಳು ಓದಾಕತ್ಯಾವೋ ನೀನು ಓದಾಕತ್ತೀಯೋ?"

"ನಾನೇ ಸರ್. ಕುರಿ ಮೇಯ್ತಾವು, ನಾನು ಹಿಂದ ಓದ್ಕೊಂತ ಹೋಗ್ತೀನಿ."

"ಗೊತ್ತಾತು ಬಿಡು," ಎಂದು ಅದನ್ನು ಒರೆಸಿ, ನಲವತ್ತರಲ್ಲಿನ ಒಂದನ್ನು ಹೇಳಿದರು: 'ಐ ಬಿಲಾಂಗ್ ಟು ಎ ಪೂರ್ ಬಟ್ ಆನೆಸ್ಟ್ ಫ್ಯಾಮಿಲಿ.' ಹೀಗೆ ಮೂರು ದಿನ ಒರೆಸಿ, ಬರೆಸಿ, ಶಾಯಿ ಹಚ್ಚಿ, ಟೈಪು ಮಾಡುವ ಅಂಗಡಿಯಲ್ಲಿ ಒಂದೇ ಪಟ್ಟಿಗೆ ಕೂತು ಟೈಪು ಮಾಡಿಸಿ ಕಳಿಸಿದರು. ಒಂದು ತಪ್ಪಿಲ್ಲ. ಬೆಳ್ಳಿ ತಟ್ಟೆಯ ಹಾಗೆ ಇತ್ತು.

ಹದಿನೈದು ದಿನಕ್ಕೆ ಉತ್ತರ ಬಂತು. ಸ್ಟಾಫ್ ರೂಮಿನ ಬಾಗಿಲಲ್ಲಿ ಕೀರ್ತನಾ ಫೋನು ಹಿಡಿದು ನಿಂತಿದ್ದಳು. ಪ್ರಬಂಧದ ನೂರರಲ್ಲಿ ತೊಂಬತ್ತೊಂದು ಪಾಲು ಕೃತಕ ಬುದ್ಧಿಮತ್ತೆಯ ಯಂತ್ರ ಬರೆದದ್ದೆಂದು ತಮ್ಮ ಪತ್ತೆ ಸಾಧನ ಹೇಳಿದೆ, ಆಕ್ಷೇಪವಿದ್ದರೆ ಏಳು ದಿನದಲ್ಲಿ ತಿಳಿಸಿ, ಎಂದು ಅದರಲ್ಲಿತ್ತು.

"ಯಂತ್ರ ಅಂದ್ರ ಯಾರು ಸರ್? ನೀವಾ?" ಎಂದಳು. ಕೇಳಿದ್ದು ಕುಹಕಕ್ಕಲ್ಲ. ನಿಜವಾಗಿ ತಿಳಿದಿರಲಿಲ್ಲ.

ಮೇಷ್ಟ್ರು ಅವಳನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಪಾಠ ಹೇಳುವವನು ಕ್ರಾಂತಿಕುಮಾರ್, ಅವರದೇ ಕೇರಿಯವನು, ಚಿಕ್ಕಂದಿನಿಂದ ಅವರ ಬೆನ್ನಿಗೆ ಬೆಳೆದವನು. ಪತ್ರ ಓದಿ ತಲೆ ಕೆರೆದುಕೊಂಡ.

"ಗುರಣ್ಣ, ಈ ಸಾಧನ ಯಾರು ಬರದ್ರು ಅಂತ ನೋಡಂಗಿಲ್ಲ. ಅದಕ್ಕ ಕಣ್ಣಿಲ್ಲ. ಒಂದು ಪದ ಆದ ಮ್ಯಾಲೆ ಮುಂದ ಯಾವ ಪದ ಬರತೈತಿ ಅಂತ ಊಹಿ ಮಾಡ್ಕೊಂತ ಹೊಕ್ಕೈತಿ. ಊಹಿ ಮಾಡಿದ್ದೇ ಬರಾಕತ್ತಿತು ಅಂದ್ರ ಯಂತ್ರ ಬರದದ್ದು ಅಂತೈತಿ. ಊಹಿಗೆ ಸಿಗದಿದ್ದು ನಡುನಡುವ ಬಂತಂದ್ರ ಮನುಷ್ಯಾ."

"ಅದ್ಯಾವ ನ್ಯಾಯಲೇ?"

"ಬರೆಯೋ ಯಂತ್ರನೂ ಹಂಗೇ ಅಲ್ಲೇನು? ಬಾಳ ಮಂದಿ ಬಳಸೋ ಪದಾನ ಆರಿಸ್ಕೊಂಡು ಜೋಡಿಸ್ಕೊಂತ ಹೊಕ್ಕೈತಿ. ಅದಕ್ಕ. ವಾಕ್ಯ ಎಲ್ಲಾ ಒಂದೇ ಉದ್ದ ಇದ್ರೂ ಅನುಮಾನ. ಇಂಗ್ಲಿಷು ಮನಿಮಾತಾದೋರು ಒಂದಕ್ಕ ಹತ್ತು ಪದ ಬಲ್ಲರು, ಎಲ್ಲೆಲ್ಲೋ ತಿರುವಿ ಬರೀತಾರ. ನಮ್ಮ ಹುಡುಗ್ರಿಗೆ ಗೊತ್ತಿರೋದು ಸ್ವಲ್ಪ ಪದ, ಒಂದೇ ದಾರಿ. ಕಲಿತದ್ದನ್ನ ತಪ್ಪಿಲ್ದಂಗ ಬರೀತಾರ. ಸಾಧನಕ್ಕ ಇಬ್ಬರೂ ಒಂದೇ ಥರ ಕಾಣ್ತಾರ."

ಮೇಷ್ಟ್ರು ನಂಬಲಿಲ್ಲ. ಕಾಲೇಜಿನ ಹಳೆಯ ಸಂಚಿಕೆಯೊಂದನ್ನು ಕಪಾಟಿನಿಂದ ತೆಗೆದರು. ಇಪ್ಪತ್ತು ವರ್ಷದ ಹಿಂದಿನದು, ಗೆದ್ದಲು ಒಂದು ಮೂಲೆ ತಿಂದಿತ್ತು. ಅದರಲ್ಲಿ ಅವರೇ ವಿದ್ಯಾರ್ಥಿಯಾಗಿದ್ದಾಗ ಬರೆದ ಒಂದು ಪುಟದ ಲೇಖನವಿತ್ತು, ಅವರ ಹೆಸರು ಅಚ್ಚಾದ ಮೊದಲ ಕಾಗದ. ಕ್ರಾಂತಿ ಅದನ್ನು ಟೈಪು ಮಾಡಿ ಅಂಥದೇ ಒಂದು ಸಾಧನಕ್ಕೆ ಹಾಕಿದ.

ಎಂಬತ್ತೆಂಟು ಎಂದಿತು.

"ಏ ಅಣ್ಣ, ನೀನು ಹುಟ್ಟತಲೇ ಯಂತ್ರ!" ಎಂದು ಕ್ರಾಂತಿ ನಕ್ಕ. ಕೀರ್ತನಾ ಸಹ ನಕ್ಕಳು. ಮೇಷ್ಟ್ರು ನಗಲಿಲ್ಲ. ಪರದೆಯ ಮೇಲಿನ ತಮ್ಮ ವಾಕ್ಯಗಳನ್ನು ನೋಡುತ್ತ ನಿಂತರು. ಯಂತ್ರದವೆಂದು ಎಲ್ಲಕ್ಕೂ ಹಳದಿ ಬಣ್ಣ ಬಳಿದಿತ್ತು.

ಕ್ರಾಂತಿ ಇನ್ನೊಂದು ಮಾಡಿ ತೋರಿಸಿದ. ಕೀರ್ತನಾಳ ಪ್ರಬಂಧವನ್ನು ಬರೆಯುವ ಯಂತ್ರಕ್ಕೇ ಕೊಟ್ಟು, ದೊಡ್ಡ ದೊಡ್ಡ ಪದ ಹಾಕಿ ಸಿಂಗರಿಸು ಎಂದ. ಅದು ಸಿಂಗರಿಸಿಕೊಟ್ಟಿತು. ಅದನ್ನು ಪತ್ತೆ ಸಾಧನಕ್ಕೆ ಹಾಕಿದರೆ, ಹನ್ನೊಂದು.

"ಅಂದ್ರ ಈಕಿ ಬರದದ್ದು ಕಳ್ಳತನ, ಯಂತ್ರ ಬರದದ್ದು ಸಾಚಾ," ಎಂದರು ಮೇಷ್ಟ್ರು.

"ಹಂಗೇ ಐತಿ. ಇದನ್ನ ಕಳಿಸಿದ್ರ ದಾಟಬೋದು."

ಕೀರ್ತನಾ ಓದಿ ನೋಡಿದಳು. "ಇದ್ರಾಗ ನನಗ ಹತ್ತು ಪದ ಗೊತ್ತಾಗವಲ್ದು ಸರ್. ಯಾರರ ಕೇಳಿದ್ರ ಏನಂತ ಹೇಳಲಿ?" ಎಂದಳು. ಮೇಷ್ಟ್ರು ಕ್ರಾಂತಿಯ ಕೈಯಿಂದ ಮೌಸು ಕಿತ್ತುಕೊಂಡು ಅದನ್ನು ಮುಚ್ಚಿಬಿಟ್ಟರು.

ಇಂಥ ಯಂತ್ರಗಳು ಹುಟ್ಟುವ ಮೊದಲೇ ಬರೆದದ್ದನ್ನೂ ಸಾಧನ ಯಂತ್ರದ್ದೆನ್ನುತ್ತದೆ ಎಂದು, ಹಳೆಯ ಸಂಚಿಕೆಯ ಚಿತ್ರ ಲಗತ್ತಿಸಿ ಕೀರ್ತನಾಳ ಹೆಸರಿನಲ್ಲಿ ಆಕ್ಷೇಪ ಬರೆದರು. ಅಲ್ಲಿನ ಸಂಯೋಜಕರು ಪ್ರವೀಣಕುಮಾರ್ ಎಂಬುವರು ಫೋನಿನಲ್ಲಿ ಕೀರ್ತನಾಳ ಜೊತೆ ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ನಿಮ್ಮ ಕರಡು ಪ್ರತಿಗಳಿದ್ದರೆ ಕಳಿಸಿ. ಬರೆದದ್ದು, ಹೊಡೆದು ಹಾಕಿದ್ದು, ತಿದ್ದಿದ್ದು, ಏನಾದರೂ. ಆ ಹಳೆ ಲೇಖನ ನಿಮ್ಮದಲ್ಲವಲ್ಲ."

ಕರಡು ಎಲ್ಲಿಯದು? ಟೈಪಿನ ಅಂಗಡಿಯ ಫೈಲಿನಲ್ಲಿ ನಲವತ್ತು ನಿಮಿಷದಲ್ಲಿ ಟೈಪು ಮಾಡಿ ಮುಗಿಸಿದ ದಾಖಲೆ ಮಾತ್ರ ಇತ್ತು. ನೋಟುಬುಕ್ಕಿನಲ್ಲಿ ನೀಲಿ ಶಾಯಿಯ ಹೊರತು ಏನಿಲ್ಲ. ಮೇಷ್ಟ್ರು ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಶಾಯಿಯ ಕೆಳಗೆ ಪೆನ್ಸಿಲ್ಲು ಒತ್ತಿದ ತಗ್ಗು ಕಂಡಿತು. ಹಡಗಲಿ ಎಂಬುದಷ್ಟೇ ಓದಲು ಬಂತು. ಫೋನಿನಲ್ಲಿ ಚಿತ್ರ ತೆಗೆದರೆ ಬರೀ ನೀಲಿ ಶಾಯಿ. ಐದು ಸಲ ತೆಗೆದರು.

"ಹಿಂಗ ಒರೆಸೋದು ಕಲಿಸಿದೋನು ನಾನೇ," ಎಂದು ಹೇಳಿ ಕೂತುಬಿಟ್ಟರು.

ಕೊನೆಗೆ ಪ್ರವೀಣಕುಮಾರರು ಒಂದು ಅವಕಾಶ ಕೊಟ್ಟರು. ಕ್ಯಾಮೆರಾ ಮುಂದೆ ಕೂತು ಮುಕ್ಕಾಲು ಗಂಟೆಯಲ್ಲಿ ಹೊಸ ಪ್ರಬಂಧ ಬರೆಯಬೇಕು. ಪಕ್ಕದಲ್ಲಿ ಯಾರೂ ಇರಬಾರದು. ವಿಷಯ: ಶಾಲೆಯ ಹೊರಗೆ ಕಲಿತ ಒಂದು ಸಂಗತಿ.

ಕ್ರಾಂತಿ ಕೀರ್ತನಾಳಿಗೆ ಹೇಳಿದ: "ಬಾಯಿಗೆ ಬಂದಂಗ ಬರಿ ತಂಗಿ. ತಪ್ಪಾದ್ರ ಆಗಲಿ. ಕುರಿ ಬಗ್ಗೆ ಬರಿ, ನಿಮ್ಮಪ್ಪನ ಬಗ್ಗೆ ಬರಿ." ಮೇಷ್ಟ್ರೂ ಹೂಂ ಎಂದರು. ಆದರೆ ಅವಳು ಬರೆಯಲು ಕಂಪ್ಯೂಟರ್ ಕೋಣೆಯೊಳಗೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದ ಅವರ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಹುಷಾರವ್ವಾ. ತಪ್ಪು ಬರದೀ ಮತ್ತ."

ಹದಿನೆಂಟು ವರ್ಷ ಅದೇ ಮಾತು ಹೇಳಿದ ಬಾಯಿ. ಹೇಳಿದ ಮೇಲೆ ಕ್ರಾಂತಿಯ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

ಹೊರಗೆ ಬಂದ ಕೀರ್ತನಾಳ ಮುಖ ಅರಳಿತ್ತು. "ಒಂದೂ ತಪ್ಪಿಲ್ಲ ಸರ್. 'ನೇಚರ್ ಟೀಚಸ್ ಅಸ್ ಮೆನಿ ಥಿಂಗ್ಸ್' ಅಂತ ಸುರು ಮಾಡಿದೆ. ನಿಮ್ಮ ವಾಕ್ಯ ಹದಿನಾಲ್ಕು ಹಾಕೀನಿ."

"ಕುರಿ ಬಗ್ಗೆ?"

"ಅದು ಇಂಗ್ಲಿಷಿನಾಗ ಬರಲಿಲ್ಲ ಸರ್. ಮರಿಗೆ ಜ್ವರ ಬರೋಕಿಂತ ಒಂದು ದಿನ ಮುಂಚೆ ಅದು ತಾಯಿ ಬಲಕ್ಕ ಮಲಗೋದು ಬಿಟ್ಟು ಎಡಕ್ಕ ಮಲಗತೈತಿ. ನಮ್ಮಪ್ಪ ಹೇಳಿದ್ದು. ನಾನೂ ನೋಡೀನಿ. ಅದನ್ನ ಬರೀಬೇಕಂತ ಮಾಡಿದ್ದೆ. ತಪ್ಪಾದೀತು ಅಂತ ಬಿಟ್ಟೆ."

ಮೇಷ್ಟ್ರು ಜೇಬಿನಲ್ಲಿದ್ದ ರಬ್ಬರನ್ನು ಬೆರಳಿನಿಂದ ಒಳಕ್ಕೆ ತಳ್ಳಿದರು.

ಮೂರನೆಯ ದಿನ ಪತ್ರ ಬಂತು. ಈ ಪ್ರಬಂಧಕ್ಕೂ ಎಂಬತ್ತೇಳು. ಕಣ್ಣೆದುರು ಬರೆದಿದ್ದರೂ, ಯಂತ್ರದಿಂದ ಮೊದಲೇ ಬರೆಸಿ ಬಾಯಿಪಾಠ ಮಾಡಿರಬಹುದೆಂದು ಸಮಿತಿ ಭಾವಿಸಿದೆ, ತೀರ್ಮಾನ ಅಂತಿಮ. ಕ್ರಾಂತಿ ಸಿಟ್ಟಿನಿಂದ ಫೋನು ಮಾಡಿದ. ಇಂಥ ಸಾಧನ ತಪ್ಪು ಹೇಳಬಹುದು, ಅದೊಂದನ್ನೇ ನಂಬಿ ಶಿಕ್ಷೆ ಕೊಡಬಾರದು ಎಂದು ಮಾರುವವರೇ ಬರೆದಿರುತ್ತಾರೆ ಎಂದ. ಪ್ರವೀಣಕುಮಾರರು ಕೇಳಿಸಿಕೊಂಡರು. "ನನಗೂ ಅರ್ಥವಾಗುತ್ತೆ ಸರ್. ಆದರೆ ಆರು ಸಾವಿರ ಅರ್ಜಿ, ನಾವು ಮೂವರು," ಎಂದು ಫೋನು ಇಟ್ಟರು.

ಆಷಾಢಕ್ಕೆ ಮುಂಚೆ ಕೀರ್ತನಾ ಬಟ್ಟೆ ಅಂಗಡಿಗೆ ಸೇರಿದಳು. ಹೋಗುವ ಮುನ್ನ ಕಾಲೇಜಿಗೆ ಬಂದು ಟಿ.ಸಿ. ಇಸಿದುಕೊಂಡಳು. ನೋಟುಬುಕ್ಕನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, "ಇದು ನಿಮ್ಮತ್ರಾನೇ ಇರಲಿ ಸರ್. ಎಲ್ಲಾ ನಿಮ್ಮವೇ ವಾಕ್ಯ," ಎಂದಳು. ಬೈದು ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಪ್ರೀತಿಯಿಂದಲೇ ಹೇಳಿದಳು.

ಮುಂದಿನ ಸೋಮವಾರ ತರಗತಿಯಲ್ಲಿ ಸುಂಕಪ್ಪ ಎಂಬ ಹುಡುಗ ಪೆನ್ಸಿಲ್ಲಿನಲ್ಲಿ ಬರೆದ ಪುಟ ತಂದಿಟ್ಟ. ತಮ್ಮೂರು ಇಟ್ಟಿಗಿಯ ಹೊಲದ ಬಗ್ಗೆ ಏನೋ ಬರೆದಿದ್ದ. ಕ್ರಿಯಾಪದ ಒಂದು ಕಡೆ, ಕರ್ತೃ ಒಂದು ಕಡೆ. ಆದರೂ ಓದಿದರೆ ಮೆಕ್ಕೆಜೋಳದ ಗರಿ ಕೈಗೆ ತಾಗಿದ ಹಾಗಿತ್ತು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ಇರಲಿ ಬಿಡಪ್ಪ. ಹಿಂಗೇ ಇರಲಿ."

ಹುಡುಗ ಗಾಬರಿಯಾದ. "ಸರ್, ಮುಂದಿನ ವಾರ ಪರೀಕ್ಷಿ ಐತಿ. ಹಿಂಗ ಬರದ್ರ ಫೇಲ್ ಮಾಡ್ತಾರ್ರಿ. ನಾನು ಆಗ್ಲೇ ಒಂದು ಸಲ ಬಿದ್ದೀನ್ರಿ."

ಅದೂ ನಿಜವೇ. ಪೇಪರ್ ನೋಡುವವನು ಹಾಗೆಯೇ ಇದ್ದಾನೆ, ಬದಲಾಗಿಲ್ಲ. ಗುರುಮೂರ್ತಿ ಮೇಷ್ಟ್ರು ಜೇಬಿಗೆ ಕೈ ಹಾಕಿದರು. ರಬ್ಬರು ತೆಗೆದು, ಹೊಲದ ಮೊದಲ ವಾಕ್ಯವನ್ನು ಒರೆಸಿದರು. ಪುಡಿ ಊದಿದರು. ಎರಡನೆಯದನ್ನು ಒರೆಸಿದರು.