ಮೂರನೇ ಆವೃತ್ತಿಯ ಇಸವಿ

ಓಶ್ ಪಟ್ಟಣದ ಗ್ರಂಥಾಲಯದಲ್ಲಿ ಬುರುಲ್ ಒಂಬತ್ತು ವರ್ಷಗಳಿಂದ ಹಳೆಯ ಪ್ರಬಂಧಗಳ ಕೊನೆಯಲ್ಲಿನ ಗ್ರಂಥಸೂಚಿಯನ್ನು ಫೋಟೊ ನೋಡಿ ಟೈಪ್ ಮಾಡುತ್ತಿದ್ದಳು. ಓರೆ ಅಕ್ಷರದ ಶೀರ್ಷಿಕೆಗೆ ಎರಡೂ ಬದಿ ನಕ್ಷತ್ರಚಿಹ್ನೆ; ಇಸವಿ, ಆವೃತ್ತಿ, ಚುಕ್ಕಿ, ಅಲ್ಪವಿರಾಮ ಫೋಟೊದಲ್ಲಿ ಇದ್ದಂತೆಯೇ. ಹೊಸದಾಗಿ ಬಂದ ಅಸಿಲ್‌ಗುಲ್‌ಳನ್ನು ಎಲ್ಲರೂ ಹೊಗಳಿದರೆ ಬುರುಲ್‌ಳ ಹೊಟ್ಟೆಯಲ್ಲಿ ಕೆಂಡ. ಈಗ ಪರಿಶೀಲಕಿಯ ಕುರ್ಚಿಯೊಂದು ಖಾಲಿಯಾಗಿ, ಪರೀಕ್ಷೆಗೆಂದು ಇಬ್ಬರಿಗೂ ಒಂದೇ ಪುಟ ಕೊಟ್ಟಿದ್ದರು.

ಬುರುಲ್ ಅಸಿಲ್‌ಗುಲ್‌ಳ ಹಾಳೆಯನ್ನು ಕದ್ದು ನೋಡಿದಳು. *ಉಣ್ಣೆಯ ಕಂಬಳಿಗಳು*, 2ನೇ ಆವೃತ್ತಿ, 1961. ಅದರ ಕೆಳಗೆ *ಉಣ್ಣೆಯ ಕಂಬಳಿಗಳು*, 3ನೇ ಆವೃತ್ತಿ, 1957.

"ಸಬೀರಾ ಅಕ್ಕ, ನೋಡಿ ನಿಮ್ಮ ಚಿನ್ನದಂಥ ಹುಡುಗಿ ಮಾಡಿದ್ದನ್ನ! ತಂಗಿ ಅಕ್ಕನಿಗಿಂತ ಮೊದಲೇ ಹುಟ್ಟಿದ್ದಾಳೆ."

ಮುಖ್ಯಸ್ಥೆ ಸಬೀರಾ ಫೋಟೊ ತೆರೆದರು. "ಪ್ರಬಂಧದಲ್ಲೇ ಹಾಗಿದೆಯಲ್ಲೇ. ಎಲ್ಲಿ, ನಿಂದು ಕೊಡು."

ಬುರುಲ್‌ಳ ಕೈ ಮುಂದೆ ಬರಲಿಲ್ಲ. ತನ್ನ ಹಾಳೆಯಲ್ಲಿ ಅವಳು ಜಾಣತನದಿಂದ ಇಸವಿಗಳನ್ನು ಅದಲುಬದಲು ಮಾಡಿದ್ದಳು. ಸಬೀರಾ ತಾವೇ ಎತ್ತಿಕೊಂಡು ಓದಿ, ಅಸಿಲ್‌ಗುಲ್‌ಳ ಹಾಳೆಗೆ ಸಹಿ ಹಾಕಿದರು.

"ನಂಗೂ ತಿದ್ದಿಬಿಡೋಣ ಅನ್ನಿಸಿತ್ತು, ಅಕ್ಕಾ," ಎಂದಳು ಅಸಿಲ್‌ಗುಲ್, ಚಹಾದ ಬಟ್ಟಲನ್ನು ಬುರುಲ್‌ಳತ್ತ ಸರಿಸುತ್ತಾ.

ಆ ಮೃದುವಾದ ಮಾತೇ ಬುರುಲ್‌ಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.