ಒಂದು ಕಂಪನಿ ಎರಡಾದ ವರ್ಷ

ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ನಾನು ಕಲಬುರಗಿಯ ಒಂದು ನೂಲಿನ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಗಿರಣಿಯಲ್ಲಿ ಎಂದರೆ ಯಂತ್ರಗಳ ನಡುವೆ ಅಲ್ಲ. ಅದರ ಪಕ್ಕದ ಕಚೇರಿಯಲ್ಲಿ, ಷೇರು ವಿಭಾಗದಲ್ಲಿ. ಯಾರ ಹೆಸರಿನಲ್ಲಿ ಎಷ್ಟು ಷೇರುಗಳಿವೆ ಎಂದು ಬರೆದಿಡುವ ದೊಡ್ಡ ರಿಜಿಸ್ಟರು ನನ್ನ ವಶದಲ್ಲಿತ್ತು. ಯಾರಾದರೂ ಮಾರಿದರೆ ಅವರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಕೊಂಡವರ ಹೆಸರು ಬರೆಯುವುದು ನನ್ನ ಕೆಲಸ. ಹತ್ತು ವರ್ಷ ಅದೇ ಕೆಲಸ ಮಾಡಿ ಕಣ್ಣು, ಬೆನ್ನು ಎರಡೂ ಸೋತಿದ್ದವು.

ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ಮುನ್ಶಿ ಸಾಹೇಬರೆಂದೇ ಕರೆಯುತ್ತಿದ್ದರು. ಉರ್ದು ಅವರ ಮನೆಮಾತು, ಕನ್ನಡ ಬಜಾರದ ಮಾತು. ಸರ್ಕಾರಕ್ಕೂ ಅದಾಲತ್ತಿಗೂ ಹೋಗುವ ಉರ್ದು ಕಾಗದಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂರುತ್ತಿದ್ದೆವು.

ಕಂಪನಿಗೆ ಎರಡು ಆಸ್ತಿಗಳಿದ್ದವು. ಒಂದು ಊರಿನ ಈ ಗಿರಣಿ. ಇನ್ನೊಂದು ಕಮಲಾಪುರದ ಕಾರ್ಖಾನೆ. ಅಲ್ಲಿ ಹತ್ತಿಯಿಂದ ಬೀಜ ಬಿಡಿಸುತ್ತಿದ್ದರು, ಕುಸುಬಿ ಮತ್ತು ಶೇಂಗಾದ ಎಣ್ಣೆ ತೆಗೆಯುತ್ತಿದ್ದರು. ಗಿರಣಿಯ ಯಂತ್ರಗಳು ಮುದಿಯಾಗಿದ್ದವು. ಪ್ರತಿ ಸುಗ್ಗಿಯಲ್ಲಿ ಕಮಲಾಪುರ ಗಳಿಸಿದ್ದು ಗಿರಣಿಯ ರಿಪೇರಿಗೇ ಹೋಗುತ್ತಿತ್ತು. ಹೊಸ ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು ಎರಡನ್ನೂ ಅಡವು ಕೇಳಿದರು. ಇತ್ತ ಕಮಲಾಪುರದಲ್ಲಿ ಇನ್ನೊಂದು ಎಣ್ಣೆ ಯಂತ್ರ ಹಾಕಲು ಬಂಡವಾಳ ಕೊಡುತ್ತೇವೆಂದು ಊರಿನ ಸಗಟು ಪೇಟೆ ಗಂಜ್‌ನ ಕೆಲವು ಸಾಹುಕಾರರು ಬಂದರು. ಆದರೆ ಅವರದು ಒಂದೇ ಮಾತು: "ಎಣ್ಣಿಗೆ ರೊಕ್ಕಾ ಹಾಕ್ತೀವಿ, ಗಿರಣಿ ಹೊಗಿಗೆ ಹಾಕಂಗಿಲ್ಲ."

ಕೊನೆಗೆ ನಿರ್ದೇಶಕರು ಕಂಪನಿಯನ್ನು ಒಡೆಯಲು ನಿರ್ಧರಿಸಿದರು. ಗಿರಣಿ ಹಳೆಯ ಕಂಪನಿಯಲ್ಲೇ ಉಳಿಯುವುದು. ಕಮಲಾಪುರದ ಕಾರ್ಖಾನೆ ಒಂದು ಹೊಸ ಕಂಪನಿಗೆ ಹೋಗುವುದು. ಗಿರಣಿಯ ಸಾಲ ಗಿರಣಿಗೆ, ಕಮಲಾಪುರದ ಇಂಜಿನ್ನಿಗೆ ತಂದ ಸಾಲ ಹೊಸ ಕಂಪನಿಗೆ. ಷೇರುದಾರರ ಸಭೆ ನಡೆಯಿತು. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮತ ಬಿತ್ತು. ಸಾಲ ಕೊಟ್ಟವರು ಒಪ್ಪಿದರು. ಕಾಗದಗಳು ಹೈದರಾಬಾದಿನ ದೊಡ್ಡ ಅದಾಲತ್ತಿಗೆ ಹೋಗಿ, ತಿಂಗಳುಗಟ್ಟಲೆ ಕೂತು, ಮಂಜೂರಾಗಿ ಬಂದವು.

ಷೇರುದಾರರಿಗೆ ಸಿಗುವುದು ಇಷ್ಟು. ನೂರು ರೂಪಾಯಿ ಮುಖಬೆಲೆಯ ಹಳೆಯ ಷೇರು ಎಪ್ಪತ್ತೈದಕ್ಕೆ ಇಳಿಯುವುದು. ಅಂಥ ನಾಲ್ಕು ಷೇರುಗಳಿದ್ದವರಿಗೆ ಹೊಸ ಕಂಪನಿಯ ನೂರು ರೂಪಾಯಿಯ ಒಂದು ಷೇರು ಪುಕ್ಕಟೆ ಬರುವುದು. ಪುಕ್ಕಟೆ ಎಂದು ನಾನು ಒಬ್ಬರಿಗೆ ಹೇಳಿದ್ದಕ್ಕೆ ಮುನ್ಶಿ ಸಾಹೇಬರು ತಲೆ ಎತ್ತಿದರು.

"ಪುಕ್ಕಟೆ ಎಲ್ಲಿದು ಭಾಯ್? ಅವರ ನೂರರಾಗಿನ ಇಪ್ಪತ್ತೈದೇ ಆಕಡಿ ಹೋಗ್ಯಾವ. ಒಂದು ರೊಟ್ಟಿ ಎರಡು ತುಂಡು ಮಾಡಿದ್ರ ರೊಟ್ಟಿ ಹೆಚ್ಚಾಗ್ತದೇನು?"

ಅದರ ನಂತರ ಪುಕ್ಕಟೆ ಎನ್ನುವುದನ್ನು ಬಿಟ್ಟೆ.

ರಿಜಿಸ್ಟರು ಮುಚ್ಚುವ ದಿನವೊಂದು ಗೊತ್ತಾಯಿತು. ಆ ದಿನ ಯಾರ ಹೆಸರು ಅದರಲ್ಲಿರುತ್ತದೋ ಅವರಿಗೇ ಹೊಸ ಷೇರು. ಅದಕ್ಕೆ ಮೊದಲು ಮಾರಿದವರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಎಲ್ಲರಿಗೂ ಉರ್ದು ಮತ್ತು ಇಂಗ್ಲಿಷಿನಲ್ಲಿ ಅಚ್ಚಾದ ನೋಟೀಸು ಅಂಚೆಯಲ್ಲಿ ಹೋಯಿತು. ಷೇರುದಾರರಲ್ಲಿ ಅನೇಕರಿಗೆ ಆ ಎರಡೂ ಲಿಪಿ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಯಾರೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನೋಟೀಸು ಹೋದ ಮೇಲೆ ಮಾರಾಟದ ಕಾಗದಗಳು ಸುರಿಯತೊಡಗಿದವು. ಬಹಳಷ್ಟು ಕಮಲಾಪುರದವರವು. ಕಾರ್ಖಾನೆ ಕಟ್ಟುವಾಗ ಜಾಗ ಕೊಟ್ಟವರಿಗೆ, ಮೊದಲಿನಿಂದ ದುಡಿದವರಿಗೆ ಕಂಪನಿ ಒಂದಿಷ್ಟು ಷೇರು ಕೊಟ್ಟಿತ್ತು. ಅವರೆಲ್ಲ ಒಬ್ಬನೇ ದಲಾಲನಿಗೆ ಮಾರುತ್ತಿದ್ದರು. ಅದನ್ನು ನೋಡಿ ಒಂದು ಕ್ಷಣ ಪೆನ್ನು ನಿಂತದ್ದು ನೆನಪಿದೆ. ಆದರೆ ಮುಂದೆ ಇನ್ನೂ ನಲವತ್ತು ಕಾಗದಗಳಿದ್ದವು. ಸಹಿ ಸರಿ ಇದೆ, ಷೇರು ಪತ್ರ ಜೊತೆಗಿದೆ, ಸಾಕ್ಷಿ ಇದೆ. ಗೆರೆ ಎಳೆದೆ, ಬರೆದೆ, ಪುಟ ತಿರುವಿದೆ.

ರಿಜಿಸ್ಟರು ಮುಚ್ಚಲು ಒಂದು ವಾರವಿದ್ದಾಗ ಬಂದ ಒಂದು ಕಾಗದದಲ್ಲಿ ಸಹಿಯ ಬದಲು ಹೆಬ್ಬೆಟ್ಟಿತ್ತು. ಹದಿನೆಂಟು ಷೇರುಗಳು, ಮಾರುವವರು ಕಮಲಾಪುರದ ಒಬ್ಬ ವಿಧವೆ. ಆಕೆಯ ಗಂಡ ಆ ಕಾರ್ಖಾನೆಯ ಮೊದಲ ಮೇಸ್ತ್ರಿ. ತೀರಿಕೊಂಡ ಮೇಲೆ ಷೇರುಗಳನ್ನು ಆಕೆಯ ಹೆಸರಿಗೆ ಬದಲಿಸಿದವನು ನಾನೇ. ಕಾಗದದ ಜೊತೆ ಷೇರು ಪತ್ರ ಇರಲಿಲ್ಲ.

ದಲಾಲ ಎದುರಿಗೇ ನಿಂತಿದ್ದ. "ಪತ್ರ ಪೆಟ್ಟಿಗ್ಯಾಗ ಅದ ಅಂದಾಳ್ರೀ. ಶನಿವಾರ ತಂದು ಕೊಡ್ತೀನಿ. ನೀವು ಬರ್ದು ಇಟ್ಕೋರಿ."

"ಪತ್ರ ಇಲ್ದ ಬರಿಲಿಕ್ಕೆ ಬರಂಗಿಲ್ಲ," ಎಂದು ಕಾಗದ ಹಿಂದಿರುಗಿಸಿದೆ.

ಅವನು ಹೋದ ಮೇಲೆ ಮುನ್ಶಿ ಸಾಹೇಬರಿಗೆ ಹೇಳಿದೆ: "ನಾಳೆ ಶುಕ್ರವಾರ, ವಾರದ ಸೂಟಿ. ಕಮಲಾಪುರಕ್ಕ ಹೋಗಿ ಬರ್ತೀನ್ರೀ."

ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಕೆಲಸ ಬರಿಯೋದು. ಮಾರ್ರಿ, ಮಾರಬ್ಯಾಡ್ರಿ ಅಂತ ಹೇಳೋದಲ್ಲ. ನಾಳೆ ದರ ಬಿದ್ರ ಆ ಹೆಣ್ಮಗಳು ನಿಮ್ಮನ್ನ ಬೈತಾಳ."

"ಮಾರಬ್ಯಾಡ ಅನ್ನಂಗಿಲ್ರೀ. ನೋಟೀಸಿನಾಗ ಏನದ ಅಂತ ಓದಿ ಹೇಳಿ ಬರ್ತೀನಿ."

ಅವರು ಕನ್ನಡಕ ಹಾಕಿಕೊಂಡು, ನೋಟೀಸಿನ ಒಂದು ಪ್ರತಿಯನ್ನು ನನ್ನ ಕಡೆ ಸರಿಸಿದರು.

ಬೆಳಗಿನ ಮೋಟಾರಿಗೆ ಹೊರಟೆ. ದಾರಿಯ ಧೂಳೆಲ್ಲ ಮೈಮೇಲೆ. ನಿದ್ದೆಯೂ ಬರಲಿಲ್ಲ, ಎಚ್ಚರವೂ ಇರಲಿಲ್ಲ. ಕಮಲಾಪುರದಲ್ಲಿ ಇಳಿದು, ಕೆಂಪು ಬಾಳೆಹಣ್ಣು ಮಾರುವವಳನ್ನು ಕೇಳಿ ಮನೆ ಹಿಡಿದೆ. ವಿಧವೆ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಪಕ್ಕದಲ್ಲಿ ಅವರ ಮೈದುನ, ಕಾರ್ಖಾನೆಯ ಇಂಜಿನ್ ನೋಡಿಕೊಳ್ಳುವವನು, ರಜೆಯ ದಿನ ಆರಾಮವಾಗಿ ಕಂಬಕ್ಕೆ ಒರಗಿದ್ದ.

ಗಿರಣಿಯ ಕಚೇರಿಯವನೆಂದು ಹೇಳಿ, ಹೆಬ್ಬೆಟ್ಟಿನ ವಿಷಯ ಕೇಳಿದೆ.

"ಹೌದು ತಮ್ಮಾ, ಒತ್ತೀನಿ," ಎಂದರು. "ಕಂಪನಿ ಮುರೀಲಾಕತ್ತದ, ಕಾಗದಕ್ಕ ಕಿಮ್ಮತ್ತು ಉಳಿಯಂಗಿಲ್ಲ ಅಂದ. ಷೇರಿಗಿ ಮೂವತ್ತರಂಗ ಕೊಡ್ತೀನಿ ಅಂದು ಇಪ್ಪತ್ತು ರೂಪಾಯಿ ಸಂಚಕಾರ ಕೊಟ್ಟು ಹೋಗ್ಯಾನ. ನಮ್ಮ ಮನಿಯವರು ಇಟ್ಟು ಹೋಗಿದ್ದು ಆ ಷೇರೊಂದೇ ನೋಡು. ಪತ್ರ ಕೈಬಿಟ್ಟು ಕೊಡಲಿಕ್ಕ ಮನಸ್ಸು ಬರ್ಲಿಲ್ಲ. ಶನಿವಾರ ಬಾ ಅಂದೀನಿ."

"ಮುರಿಯಂಗಿಲ್ಲ ಅವ್ವಾರ, ಎರಡಾಗ್ಲಾಕತ್ತದ."

ಅವರು ಬೇಳೆಯಿಂದ ಕೈ ತೆಗೆದರು. "ಅಣ್ಣತಮ್ಮರು ಹಿಸ್ಸಾ ಆದ್ರ ಒಬ್ಬಗ ಎರಿ ಹೊಲ ಹೋಗ್ತದ, ಒಬ್ಬಗ ಕಲ್ಲ ಹೊಲ. ನಮ್ಮ ಪಾಲಿಗಿ ಯಾವುದು ಬಂತು?"

"ಇಲ್ಲಿ ಹಂಗಿಲ್ರೀ. ಹೊಲ ಎರಡಾಗ್ತಾವ, ಒಡೆಯರು ಅವರೇ ಇರ್ತಾರ. ಗಿರಣ್ಯಾಗೂ ನಿಮ್ಮ ಪಾಲು ಇರ್ತದ, ಇಲ್ಲಿ ಕಾರ್ಖಾನ್ಯಾಗೂ ಇರ್ತದ. ಎರಡಕ್ಕೂ ಬ್ಯಾರೆ ಬ್ಯಾರೆ ಪತ್ರ."

ನೋಟೀಸನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಹದಿನೆಂಟು ಹಳೆಯ ಷೇರುಗಳು ಹಾಗೇ ಉಳಿಯುತ್ತವೆ, ಮುಖಬೆಲೆ ಮಾತ್ರ ಎಪ್ಪತ್ತೈದು. ನಾಲ್ಕಕ್ಕೆ ಒಂದರಂತೆ ಹದಿನಾರಕ್ಕೆ ನಾಲ್ಕು ಹೊಸ ಷೇರು. ಉಳಿದ ಎರಡಕ್ಕೆ ಅರ್ಧ ಷೇರು ಬರಬೇಕು. ಅರ್ಧದ ಪತ್ರ ಇರುವುದಿಲ್ಲವಾದ್ದರಿಂದ ಎಲ್ಲರ ಅರ್ಧ, ಕಾಲುಗಳನ್ನು ಕೂಡಿಸಿ ಮಾರಿ, ಬಂದ ಹಣವನ್ನು ಅವರವರಿಗೆ ಹಂಚುತ್ತಾರೆ.

"ಯಾವುದರ ದರ ಏರ್ತದ, ಯಾವುದರದು ಇಳೀತದ ನನಗ ಗೊತ್ತಿಲ್ರೀ," ಎಂದೂ ಹೇಳಿದೆ. "ಮಾರೋದಿದ್ರ ಮಾರ್ರಿ. ಏನು ಮಾರ್ಲಾಕತ್ತೀರಿ ಅನ್ನೋದು ತಿಳಿದು ಮಾರ್ರಿ."

ಅವರು ಒಳಗೆ ಹೋದರು. ಸೀರೆಯ ಗಂಟಿನಿಂದ ಮುಂಗಡದ ನಾಣ್ಯಗಳನ್ನು ಬಿಚ್ಚಿ ಒಂದು ಬಟ್ಟೆಯಲ್ಲಿ ಕಟ್ಟಿ ತಂದಿಟ್ಟರು. "ಶನಿವಾರ ಬಂದ್ರ ಇದನ್ನ ಕೊಟ್ಟು ಕಳಸ್ತೀನಿ. ಪತ್ರ ಕೊಡಂಗಿಲ್ಲ."

ಮೈದುನ ಕಂಬ ಬಿಟ್ಟು ನೆಟ್ಟಗೆ ಕೂತ. "ನಂದು ಕೊಟ್ಟು ಹದಿನೈದು ದಿನ ಆಯ್ತಲ್ರೀ," ಎಂದ. "ಹನ್ನೆರಡು ಇದ್ದವು. ಪತ್ರನೂ ಕೊಟ್ಟೀನಿ, ರೊಕ್ಕಾನೂ ತಗೊಂಡೀನಿ. ಅದು ಹೊಳ್ಳಿ ಬರ್ತದೇನ್ರೀ?"

ನನಗೆ ಆಗ ನೆನಪಾಯಿತು. ಆ ನಲವತ್ತು ಕಾಗದಗಳ ದಿನ. ಹನ್ನೆರಡು ಷೇರು, ವಕ್ರವಾದ ಒಂದು ಸಹಿ, ನನ್ನದೇ ಕೆಂಪು ಗೆರೆ.

"ಬರಂಗಿಲ್ರೀ," ಎಂದೆ. "ಹೆಸರು ಬದಲಾಗಿ ಹೋಗ್ಯದ."

"ವೈನಿ, ನೀರು ಕೊಡ್ರಿ ಅವರಿಗಿ. ದೂರದಿಂದ ಬಂದಾರ," ಎಂದ ಅವನು. ನೀರು ಕುಡಿದೆ. ಆ ಊರಿನಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಹೋದೆ. ಎರಡರಲ್ಲಿ ಪತ್ರಗಳು ಆಗಲೇ ಕೈಬಿಟ್ಟಿದ್ದವು.

ರಿಜಿಸ್ಟರು ಮುಚ್ಚಿತು. ನಂತರದ ಎರಡು ತಿಂಗಳು ನಾವು ಹಳೆಯ ಪತ್ರಗಳನ್ನು ತರಿಸಿಕೊಂಡು ನೂರರ ಮೇಲೆ ಎಪ್ಪತ್ತೈದರ ಮುದ್ರೆ ಒತ್ತಿದೆವು, ಹೊಸ ಪತ್ರಗಳನ್ನು ಬರೆದೆವು. ಮುದ್ರೆ ಒತ್ತಿ ಒತ್ತಿ ಮುನ್ಶಿ ಸಾಹೇಬರ ಕೈ ಬಾತಿತ್ತು. ಷೇರುಗಳು ಒಡೆದ ಮೇಲೆ ಮನುಷ್ಯರ ಸರದಿ: ಕಚೇರಿಯ ಅರ್ಧ ಜನ ಹೊಸ ಕಂಪನಿಗೆ ಹೋಗಬೇಕೆಂದು ಪಟ್ಟಿ ಬಂತು. ಮುನ್ಶಿ ಸಾಹೇಬರ ಹೆಸರು ಅದರಲ್ಲಿತ್ತು, ನನ್ನದಿರಲಿಲ್ಲ. ಹೋಗುವ ದಿನ ಅವರು ತಮ್ಮ ಮಸಿ ಕುಡಿಕೆಯನ್ನು ನನಗೆ ಬಿಟ್ಟು, "ಈ ವಯಸ್ಸಿನಾಗ ಕಮಲಾಪುರ!" ಎಂದು ನಕ್ಕರು. ನಗುವಿಗೂ ಆಯಾಸವಾಗಿತ್ತು.

ಮುಂದಿನದನ್ನು ಆಗ ಯಾರೂ ಬಲ್ಲವರಿರಲಿಲ್ಲ. ಕಮಲಾಪುರದ ಕಂಪನಿ ಎರಡನೆಯ ಎಣ್ಣೆ ಯಂತ್ರ ಹಾಕಿತು. ಎರಡನೆಯ ವರ್ಷದಿಂದಲೇ ಲಾಭಾಂಶ ಕೊಟ್ಟಿತು. ಗಿರಣಿಗೆ ಸಾಲ ಸಿಕ್ಕಿತು, ಯಂತ್ರ ಬಂತು, ಆದರೂ ನೂಲಿಗೆ ದರ ಬರಲಿಲ್ಲ. ಅದರ ಷೇರು ಗಂಜ್‌ನಲ್ಲಿ ಎಪ್ಪತ್ತೈದರ ಅರ್ಧಕ್ಕೂ ಹೋಗುತ್ತಿರಲಿಲ್ಲ. ವಿಧವೆ ಒಂದು ದಿನ ತಾವೇ ಕಲಬುರಗಿಗೆ ಬಂದು ಗಿರಣಿಯ ಹದಿನೆಂಟನ್ನೂ ಮಾರಿದರು. "ಕಾರ್ಖಾನಿದು ಇರ್ಲಿ, ಅದರ ಸಪ್ಪಳ ಮನೀಗಿ ಕೇಳ್ತದ. ಇದನ್ನ ನಾ ಎಲ್ಲಿ ನೋಡ್ಲಿ?" ಎಂದರು. ಅದು ಒಂದೇ ಪತ್ರವಾಗಿದ್ದರೆ ಒಂದನ್ನು ಇಟ್ಟು ಇನ್ನೊಂದನ್ನು ಬಿಡಲು ಆಗುತ್ತಿರಲಿಲ್ಲ. ಕಂಪನಿ ಒಡೆದದ್ದರಿಂದ ಒಬ್ಬರಿಗಾದರೂ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಅದೇ ದಿನ ಜೊತೆಗೆ ಮೈದುನನೂ ಬಂದಿದ್ದ. ಅತ್ತಿಗೆಯ ಹೆಬ್ಬೆಟ್ಟಿನ ಮಸಿ ಒಣಗುವವರೆಗೆ ನನ್ನ ಮೇಜಿನ ಹತ್ತಿರ ನಿಂತು, ಮೆಲ್ಲಗೆ ಕೇಳಿದ: "ನನ್ನ ಹೆಸರು ಇದ್ದ ಪುಟ ತೋರಸ್ತೀರೇನ್ರೀ?"

ತೆರೆದು ತೋರಿಸಿದೆ. ಅವನು ಆ ಗೆರೆಯನ್ನು ಬಹಳ ಹೊತ್ತು ನೋಡಿದ.

"ಇದು ಯಾರು ಬರ್ದಾರ್ರೀ?"

"ನಾನೇ."

"ಆವತ್ತು ಒಂದು ಮಾತು ಕೇಳಿದ್ರ ನಡೀತಿತ್ತೇನ್ರೀ?"

ಕಾಯಿದೆಯ ಪ್ರಕಾರ ನಾನು ಕೇಳಬೇಕಾಗಿರಲಿಲ್ಲ. ಅದನ್ನು ಹೇಳಲು ಬಾಯಿ ಬರಲಿಲ್ಲ. "ನಡೀತಿತ್ರೀ," ಎಂದೆ. "ದಣದಿದ್ದೆ. ಕೇಳಲಿಲ್ಲ."

ಅವನು ತಲೆಯಾಡಿಸಿದ. ದಿನವಿಡೀ ಇಂಜಿನ್ನಿನ ಮುಂದೆ ನಿಲ್ಲುವವನಿಗೆ ದಣಿವು ಎಂದರೇನೆಂದು ನಾನು ಹೇಳಿಕೊಡಬೇಕಾಗಿರಲಿಲ್ಲ. ವೈನಿಯನ್ನು ಕರೆದುಕೊಂಡು ಮೋಟಾರು ಹಿಡಿಯಲು ಹೊರಟುಹೋದ.

ಗಿರಣಿಯಲ್ಲಿ ಮತ್ತೆ ಹಲವು ವರ್ಷ ದುಡಿದೆ. ಮುನ್ಶಿ ಸಾಹೇಬರ ಕುರ್ಚಿಗೆ ಯಾರನ್ನೂ ನೇಮಿಸಲಿಲ್ಲ. ಅವರ ಕೆಲಸವೂ ನನ್ನ ಮೇಲೇ ಬಿತ್ತು. ಹೊರೆ ಎರಡಾಗಿತ್ತು. ಆದರೆ ಹೆಬ್ಬೆಟ್ಟಿನ ಕಾಗದ, ವಕ್ರ ಸಹಿಯ ಕಾಗದ ಬಂದಾಗಲೆಲ್ಲ ರಿಜಿಸ್ಟರು ಬದಿಗೆ ಸರಿಸಿ, ಏನು ಮಾರುತ್ತಿದ್ದೀರಿ ಎಂದು ತಿಳಿಸಿ, ಓದು ಬಾರದಿದ್ದರೆ ಯಾರಿಂದಾದರೂ ಓದಿಸಿಕೊಳ್ಳಲಿ ಎಂದು, ಮಾರುವವರಿಗೆ ಕನ್ನಡದಲ್ಲಿ ಒಂದು ಅಂಚೆ ಕಾರ್ಡು ಬರೆಯುತ್ತಿದ್ದೆ. ಕಾರ್ಡಿನ ಖರ್ಚನ್ನು ಕಂಪನಿ ಕೊಡಲಿಲ್ಲ, ನಾನೂ ಕೇಳಲಿಲ್ಲ.